ರಾತ್ರಿ ಏಳೋ ಮಗುಗೆ ರಾಗಿ ಸರಿ ಬೇಕಾ? ಸತ್ಯಾಂಶ

"4 ತಿಂಗಳಾದ್ರೂ ಮಗು ರಾತ್ರಿ ಎದ್ದೇಳ್ತಿದ್ರೆ ತಾಯಿ ಹಾಲು ಸಾಲ್ತಿಲ್ಲ ಅಂತ ಅರ್ಥ, ಮಲಗಿಸೋ ಮುಂಚೆ ಬಾಟಲಿಲಿ ರಾಗಿ ಸರಿ ಕೊಡಿ, ಬೆಳಗ್ಗೆವರ್ಗೂ ಏಳಲ್ಲ" ನಿಜಾನಾ?

ಇಲ್ಲ. ಹುಟ್ಟಿದ ಮಗುಗೆ ನಿದ್ದೆ ಎರಡೇ ಥರ, ಕೈಕಾಲು ಆಡಿಸ್ತಾ ಮುಖ ಕಿವುಚೋ ನಿದ್ದೆ ಒಂದು, ಅಲ್ಲಾಡದೆ ಮಲಗೋದು ಇನ್ನೊಂದು. 3-4 ತಿಂಗಳ ಹೊತ್ತಿಗೆ ಮೆದುಳು ಬೆಳೆದು ನಮ್ಮ ಥರಾನೇ ಹಗುರ ನಿದ್ದೆ, ಗಾಢ ನಿದ್ದೆ ಅಂತ ಹಂತಗಳು ಶುರುವಾಗ್ತವೆ, ಆದ್ರೆ ಒಂದು ಸುತ್ತು ನಮಗೆ ಸುಮಾರು 90 ನಿಮಿಷ ಆದ್ರೆ ಮಗುಗೆ 50-60 ನಿಮಿಷ ಅಷ್ಟೇ, ಪ್ರತಿ ಸುತ್ತು ಮುಗಿದಾಗ್ಲೂ ಅರೆ ಎಚ್ಚರ ಆಗೋ ಚಾನ್ಸ್ ಇರುತ್ತೆ.

ಈಗ ಜಯನಗರದ ಒಂದು ಮನೇಲಿ ನಾಲ್ಕೂವರೆ ತಿಂಗಳ ಮಗು ಇದೆ ಅಂದ್ಕೊಳ್ಳಿ. 8 ಗಂಟೆಗೆ ಅಜ್ಜಿ ತೋಳಲ್ಲಿ ತೂಗಿ ಮಲಗಿಸಿದ್ರು, 8:50ಕ್ಕೆ ಅರೆಗಣ್ಣು ಬಿಟ್ಟು ನೋಡಿದ್ರೆ ಅಜ್ಜಿನೂ ಇಲ್ಲ ತೂಗೋದೂ ಇಲ್ಲ, ಅಳು ಶುರು! ಹಾಲು ಕುಡಿದು ಇನ್ನೂ ಒಂದು ಗಂಟೆ ಆಗಿಲ್ಲ, ಅಂದ್ರೆ ಇದು ಹಸಿವಲ್ಲದೇ ಇರಬಹುದು. ಒಂದ್ ನಿಮಿಷ ಕಾದು ಮೆಲ್ಲಗೆ ತಟ್ಟಿ, ಎಷ್ಟೋ ಸಲ ತಾನೇ ಮಲಗುತ್ತೆ. 1-2 ಗಂಟೆ ರಾತ್ರಿಗೆ ಎದ್ದು ಬಾಯಿ ಚಪ್ಪರಿಸಿದ್ರೆ ಅದು ನಿಜವಾದ ಹಸಿವು, ಹಾಲು ಕೊಡಿ. ಒಂದು ವರ್ಷದವರೆಗೂ ಹೀಗೆ ಏಳೋ ಮಕ್ಕಳು ಬೇಕಾದಷ್ಟಿದ್ದಾರೆ.

ರಾಗಿ ಸರಿ ಒಳ್ಳೇದೇ (ನಮ್ಮಜ್ಜಿ ಬೈಯೋದು ಬೇಡ), ಆದ್ರೆ 6 ತಿಂಗಳಾದ್ಮೇಲೆ, ಅದೂ ಚಮಚದಲ್ಲಿ. ಬಾಟಲಿಲಿ ಹಾಕಿದ್ರೆ ಗಂಟಲಿಗೆ ಸಿಕ್ಕೊಳ್ಳೋ ಅಪಾಯ, ನಿದ್ದೆಯೇನೂ ಜಾಸ್ತಿ ಆಗಲ್ಲ. ತೂಕ ಏರ್ತಿಲ್ಲ, ಒದ್ದೆ ನ್ಯಾಪಿ ಕಮ್ಮಿ ಆಗಿದೆ, ಜ್ವರ ಇದೆ ಅಥವಾ ಮಲಗಿದಾಗ ಉಸಿರು ನಿಂತು ನಿಂತು ಬರ್ತಿದೆ ಅಂದ್ರೆ ಮಾತ್ರ ಕಾಯ್ಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.