ನಂಬರ್ ಸಿಕ್ಕರೆ ಸಾಕಾ?

‘ಗಿರಾಕಿನೇ ನಂಬರ್ ಕೊಟ್ಟಿದ್ದಾರೆ, ಆಫರ್ ಎಸ್ಸೆಮ್ಮೆಸ್ ಕಳಿಸೋಕೆ ಯಾವ ನೋಂದಣಿನೂ ಬೇಡ.’

ಬೆಂಗಳೂರಿನ ಅಂಗಡಿಯವರ ಗ್ರೂಪುಗಳಲ್ಲಿ ಸುತ್ತುವ ಈ ಮಾತು ತಪ್ಪು. ಗಿರಾಕಿಯ ಒಪ್ಪಿಗೆ ಬೇರೆ, ನೋಂದಣಿ ಬೇರೆ. 2018ರ ಟೆಲಿಕಾಂ ನಿಯಮದಂತೆ ಅಂಗಡಿ, ಕಳಿಸಿದವರ ಹೆಸರಾಗಿ ಕಾಣುವ ಅದರ ಹೆಡರ್, ಮೆಸೇಜಿನ ಟೆಂಪ್ಲೇಟ್ ಅಂದರೆ ಸಿದ್ಧ ಮಾದರಿ, ಈ ಮೂರೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ಪೋರ್ಟಲ್‌ನಲ್ಲಿ ನೋಂದಣಿಯಾಗಿರಬೇಕು.

ಜಯನಗರದ ಒಂದು ಸೀರೆ ಅಂಗಡಿ ಅಂತಿಟ್ಟುಕೊಳ್ಳಿ. ‘ಸೀರೆಗಳ ಮೇಲೆ ____ ರಿಯಾಯಿತಿ’ ಎಂಬ ಟೆಂಪ್ಲೇಟ್ ಪಾಸಾಗಿದ್ದರೆ ಆ ಖಾಲಿ ಜಾಗವನ್ನಷ್ಟೇ ಬದಲಿಸಬಹುದು. ‘ಸೀರೆ’ ತೆಗೆದು ‘ಕುರ್ತಾ’ ಹಾಕಿದರೆ ಟೆಲಿಕಾಂ ಕಂಪನಿಯ ಸಿಸ್ಟಮ್ ಹೋಲಿಸಿ ನೋಡಿ ಮೆಸೇಜ್ ತಡೆಯುತ್ತದೆ. ತಲೆನೋವೇ, ನಿಜ. ಆದರೆ ಇಲ್ಲದಿದ್ದರೆ ನಿಮ್ಮ ಅಂಗಡಿ ಹೆಸರಲ್ಲಿ ಯಾರು ಬೇಕಾದರೂ ಮೋಸದ ಲಿಂಕ್ ಕಳಿಸಬಹುದು, ಅಲ್ವಾ?

ಪರೀಕ್ಷಿಸಲು ನಿಮ್ಮ ಇನ್‌ಬಾಕ್ಸ್ ಸಾಕು. ನೋಂದಾಯಿತ ಆಫರ್‌ಗಳ ಹೆಡರ್ ಕೊನೆಗೆ -P ಇರುತ್ತದೆ. ಸಾಮಾನ್ಯ ಹತ್ತಂಕಿ ನಂಬರಿನಿಂದ ಆಫರ್ ಬಂದರೆ 1909ಕ್ಕೆ ದೂರು ಕೊಡಬಹುದು.