ಆ ವೈರ್ ಬಿಚ್ಚಿದ್ದು ಯಾರು ಅಂತ ಅವರು ಕೇಳಲಿಲ್ಲ

ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸುವ ಇಂಡಕ್ಷನ್ ಫರ್ನೇಸ್ ಇರುತ್ತಲ್ಲ, ಅದರ ತಳದಿಂದ ಒಂದು ಸಣ್ಣ ವೈರ್ ಹೊರಗೆ ಬರುತ್ತದೆ. ನೋಡಿದರೆ ಏನೂ ಅನ್ನಿಸುವುದಿಲ್ಲ. ಸ್ಪ್ಯಾನರ್ ಇದ್ದರೆ ಅರ್ಧ ನಿಮಿಷದಲ್ಲಿ ಬಿಚ್ಚಬಹುದು. ನನ್ನ ಈ ಬರಹವೆಲ್ಲ ಆ ವೈರಿನ ಸುತ್ತಲೇ ಇದೆ. ಸ್ವಲ್ಪ ಉದ್ದ ಆಗುತ್ತೆ, ಟೀ ಇಟ್ಟುಕೊಂಡು ಓದಿ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿ ಕಡೆ ನಾನು ಕೆಲವು ವರ್ಷ ಒಂದು ಫೌಂಡ್ರಿಯಲ್ಲಿದ್ದೆ. ಕಂಪನಿ ಹೆಸರು ಬೇಡ. ನನ್ನದು ಲ್ಯಾಬ್ ಕೆಲಸ. ಫರ್ನೇಸ್‌ನಿಂದ ಒಂದು ಚಮಚ ಲೋಹ ತಂದರೆ ಅದರಲ್ಲಿ ಕಾರ್ಬನ್ ಎಷ್ಟು, ಸಿಲಿಕಾನ್ ಎಷ್ಟು ಅಂತ ನೋಡಿ ಹೇಳುವುದು. ನೈಟ್ ಶಿಫ್ಟ್‌ನಲ್ಲಿ ನಮ್ಮಲ್ಲಿ ಯಾರನ್ನೂ ಹೆಸರಿನಿಂದ ಕರೆಯುವ ರೂಢಿ ಇರಲಿಲ್ಲ, ಊರಿನಿಂದಲೇ. ಫರ್ನೇಸ್ ನಡೆಸುತ್ತಿದ್ದವರು ಆನವಟ್ಟಿ ಅಣ್ಣ, ಐವತ್ತು ದಾಟಿದವರು. ಹೊಸದಾಗಿ ಬಂದ ಸೂಪರ್‌ವೈಸರ್ ತೀರ್ಥಹಳ್ಳಿ ಸರ್. ವಯಸ್ಸು ಮೂವತ್ತೈದೂ ಇರಲಿಲ್ಲ. ಹುಡುಗರಿಗೆ ಅವರ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ನನಗೂ ಇರಲಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ. ಬಂದ ಎರಡನೇ ವಾರವೇ ಫರ್ನೇಸ್ ಕೆಳಗಿನ ಗುಂಡಿಯಲ್ಲಿ ಮಳೆನೀರು ಒಸರಿ ಒಂದು ಇಂಚು ನಿಂತಿದೆ ಅಂತ ಕೆಲಸ ನಿಲ್ಲಿಸಿ, ನೀರು ಹೊಡೆಸಿ, ಒಣ ಮರಳು ಹಾಕಿಸಿದ್ದರು. ಮುಕ್ಕಾಲು ಗಂಟೆ ಹಾಳು. "ಆಷಾಢದಲ್ಲಿ ಮಲೆನಾಡಲ್ಲಿ ನೀರು ಒಸರದೆ ಇನ್ನೇನಾಗುತ್ತೆ" ಅಂತ ಹಿಂದಿನಿಂದ ನಕ್ಕಿದ್ದೆವು.

ಈಗ ಆ ವೈರಿನ ವಿಷಯ. ಫರ್ನೇಸ್ ಅಂದರೆ ಒಂದು ದೊಡ್ಡ ಪಾತ್ರೆ ಅಂದುಕೊಳ್ಳಿ. ಸುತ್ತ ತಾಮ್ರದ ಕೊಳವೆಯ ಕಾಯಿಲ್. ಅದರಲ್ಲಿ ಕರೆಂಟೂ ಓಡುತ್ತದೆ, ಒಳಗೆ ತಣ್ಣೀರೂ ಓಡುತ್ತದೆ. ಕಾಯಿಲ್‌ಗೂ ಕರಗಿದ ಕಬ್ಬಿಣಕ್ಕೂ ನಡುವೆ ಇರುವುದು ಸಿಲಿಕಾ ಪುಡಿಯನ್ನು ಬಡಿದು ಕೂರಿಸಿದ ಲೈನಿಂಗ್ ಮಾತ್ರ. ನಮ್ಮದು ಒಂದು ಟನ್ ಫರ್ನೇಸ್, ಲೈನಿಂಗ್ ಹೊಸದಿದ್ದಾಗ ಮೂರು ಇಂಚಿನ ಹತ್ತಿರ ಇರುತ್ತಿತ್ತು. ಒಂದೊಂದು ಹೀಟ್‌ಗೂ, ಅಂದರೆ ಒಂದೊಂದು ಸಲ ಲೋಹ ಕರಗಿಸಿ ಸುರಿದಾಗಲೂ, ಅದು ಸವೆಯುತ್ತದೆ. ಎಲ್ಲಾದರೂ ಬಿರುಕು ಬಿಟ್ಟರೆ ಲೋಹ ಅದರೊಳಗೆ ಹಾಳೆಯ ಹಾಗೆ ನುಗ್ಗಿ ಕಾಯಿಲ್ ಕಡೆ ಹೋಗುತ್ತದೆ. ಕಾಯಿಲ್ ತೂತಾದರೆ ನೀರು ಹೋಗಿ ಕರಗಿದ ಕಬ್ಬಿಣದ ಜೊತೆ ಸೇರುತ್ತದೆ. ನೀರು ಹಬೆಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಲೋಹದ ಅಡಿಯಲ್ಲಿ ಸಿಕ್ಕಿಬಿದ್ದ ನೀರು ಹಾಗೆ ಹಿಗ್ಗಿದರೆ ಕರಗಿದ ಕಬ್ಬಿಣ ಮೇಲಿನ ಶೀಟ್‌ಗೆ ಹಾರುತ್ತದೆ. ಕೆಳಗೆ ನಿಂತವರ ಗತಿ ಹೇಳಬೇಕಿಲ್ಲ.

ಇದು ಆಗುವ ಮೊದಲೇ ತಿಳಿಯಲಿ ಅಂತ ಆ ವೈರ್ ಇಟ್ಟಿರುತ್ತಾರೆ. ಅದರ ಒಂದು ತುದಿ ತಳದ ಲೈನಿಂಗ್ ಒಳಗಿಂದ ಲೋಹಕ್ಕೆ ತಾಗಿರುತ್ತದೆ, ಇನ್ನೊಂದು ತುದಿ ಅರ್ತ್‌ಗೆ. ಲೋಹ ಕಾಯಿಲ್‌ಗೆ ಹತ್ತಿರವಾದರೆ ಕರೆಂಟ್ ಲೋಹದ ಮೂಲಕ ಈ ವೈರಿಗೆ ಇಳಿಯುತ್ತದೆ. ಪ್ಯಾನೆಲ್‌ನಲ್ಲಿ ಅರ್ತ್ ಲೀಕೇಜ್ ಅಂತ ಕೆಂಪು ದೀಪ ಹತ್ತಿ ಫರ್ನೇಸ್ ಟ್ರಿಪ್ ಆಗುತ್ತದೆ.

ತೊಂದರೆ ಏನು ಗೊತ್ತಾ, ಮಳೆಗಾಲದಲ್ಲಿ ಆ ದೀಪ ಸುಮ್ನೆ ಸುಮ್ನೆ ಹತ್ತುತ್ತದೆ. ಹೋಸ್ ಪೈಪ್ ಸ್ವಲ್ಪ ತೊಟ್ಟಿಕ್ಕಿದರೂ ಸಾಕು, ಕರೆಂಟ್ ತರುವ ಪಟ್ಟಿ ಅಂದರೆ ಬಸ್‌ಬಾರ್ ಮೇಲೆ ಥಂಡಿ ಹಿಡಿದರೂ ಸಾಕು. ಬಟ್ಟೆಯಲ್ಲಿ ಒರೆಸಿ, ಗಾಳಿ ಹೊಡೆದು ರಿಸೆಟ್ ಒತ್ತಿದರೆ ಓಡುತ್ತದೆ. ಹತ್ತು ಸಲ ಸುಳ್ಳು ಹೇಳಿದ ದೀಪವನ್ನು ಹನ್ನೊಂದನೇ ಸಲ ಯಾರು ನಂಬುತ್ತಾರೆ?

ಅವತ್ತು ರಾತ್ರಿ ಒಂದೂ ನಲವತ್ತರ ಸುಮಾರಿಗೆ ನಾಲ್ಕನೇ ಹೀಟ್ ನಡೆಯುತ್ತಿತ್ತು. ಹೊರಗೆ ಜುಲೈ ಮಳೆ. ಒಳಗೆ ಪಂಪ್ ಕೇಸಿಂಗ್‌ನ ಅರವತ್ತು ಮೋಲ್ಡ್ ಸಾಲಾಗಿ ಕಾಯುತ್ತಿದ್ದವು. ಎಂಟುನೂರು ಕೆಜಿ ಕರಗಿತ್ತು, ಇನ್ನೂ ಸ್ವಲ್ಪ ಸ್ಕ್ರಾಪ್ ಹಾಕುವುದಿತ್ತು. ಆಗ ಟ್ರಿಪ್. ರಿಸೆಟ್ ಒತ್ತಿದರು, ಎರಡು ನಿಮಿಷಕ್ಕೆ ಮತ್ತೆ ಟ್ರಿಪ್. ಒರೆಸಿದರು, ಗಾಳಿ ಹೊಡೆದರು. ಮೂರನೇ ಸಲ ಅರ್ಧ ನಿಮಿಷವೂ ನಿಲ್ಲಲಿಲ್ಲ. ಉಷ್ಣತೆ ನೋಡಿದರೆ 1,380 ಡಿಗ್ರಿ. ಕೇಸಿಂಗ್ ಸುರಿಯಲು ಇನ್ನೂ ನೂರು ಡಿಗ್ರಿಯಾದರೂ ಬೇಕು. ಹಾಗೇ ಸುರಿದರೆ ತೆಳು ಗೋಡೆ ತುಂಬುವುದೇ ಇಲ್ಲ.

ಆನವಟ್ಟಿ ಅಣ್ಣ ಹೇಳಿದರು: "ಹತ್ತು ನಿಮಿಷ ಪವರ್ ಸಿಕ್ರೆ ಸಾಕು ಸಾರ್. ಸುರಿದುಬಿಡಾಣ. ಬೆಳಿಗ್ಗೆ ನೋಡ್ಕೊಳ್ಳೋಣ."

ಮಾತು ಸುಳ್ಳಲ್ಲ. ಹತ್ತು ನಿಮಿಷ ಸಾಕಿತ್ತು. ಅದಕ್ಕೇ ಆ ಮಾತು ಅಪಾಯ.

ತೀರ್ಥಹಳ್ಳಿ ಸರ್ ಸ್ವಲ್ಪ ಹೊತ್ತು ಪ್ಯಾನೆಲ್ ಕಡೆ ನೋಡುತ್ತಾ ನಿಂತರು. ಆಮೇಲೆ ಅಣ್ಣನನ್ನು ಪಕ್ಕಕ್ಕೆ ಕರೆದರು. ನಾನು ಸ್ಯಾಂಪಲ್ ಚಮಚ ಹಿಡಿದು ಅಲ್ಲೇ ಇದ್ದೆ, ಕೇಳಿಸಿತು.

"ಅಣ್ಣ, ಈ ಹತ್ತು ನಿಮಿಷ ಹೇಗೆ ಓಡಿಸ್ತೀರಿ? ರಿಸೆಟ್ ನಿಲ್ತಾನೇ ಇಲ್ಲವಲ್ಲ."

ಅಣ್ಣ ಮಾತಾಡಲಿಲ್ಲ.

"ಬೈಯಕ್ಕೆ ಕೇಳ್ತಿಲ್ಲ ಮಾರಾಯ್ರೆ. ಹಿಂದೆ ಹೀಗಾದಾಗ ಏನ್ ಮಾಡಿದ್ರೆ ನಿಲ್ತಿತ್ತು, ಅದು ನಂಗೆ ಗೊತ್ತಾಗ್ಬೇಕು. ಯಾರು ಮಾಡಿದ್ರು ಅನ್ನೋದು ಬೇಡ."

ಸ್ವಲ್ಪ ತಡೆದು ಅಣ್ಣ ಹೇಳಿಯೇ ಬಿಟ್ಟರು. ಹಿಂದಿನ ವಾರ, ಈ ಸರ್ ರಜೆ ಇದ್ದ ರಾತ್ರಿ, ಹೀಗೇ ಟ್ರಿಪ್ ಆಗುತ್ತಿತ್ತು. ತಳದ ವೈರ್ ಬಿಚ್ಚಿದರು. ಟ್ರಿಪ್ ನಿಂತಿತು. ಸುರಿದ ಮೇಲೆ ವಾಪಸ್ ಹಾಕಿದರು. ಬುಕ್‌ನಲ್ಲಿ ಬರೆಯಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಯೇ ಕೂಗಾಟ ಶುರುವಾಗುತ್ತಿತ್ತು. ಇವರು ಎರಡೇ ಪ್ರಶ್ನೆ ಕೇಳಿದರು. "ಬಿಚ್ಚಿದ ತಕ್ಷಣ ನಿಂತಿತಾ?" ಹೌದು. "ಈ ಲೈನಿಂಗ್ ಎಷ್ಟು ಹೀಟ್ ಆಗಿದೆ?" ನೂರನಲವತ್ತರ ಮೇಲೆ.

ಆಗ ಅವರ ಮುಖ ಬದಲಾಯಿತು. ಯಾಕೆ ಅಂತ ನನಗೆ ಅರ್ಥವಾಗಿದ್ದು ಆಮೇಲೆ. ಹೋಸ್ ತೊಟ್ಟಿಕ್ಕಿ ಹೊರಗಡೆಯಿಂದ ಲೀಕೇಜ್ ಆಗುತ್ತಿದ್ದರೆ ಆ ವೈರ್ ಬಿಚ್ಚಿದರೂ ಟ್ರಿಪ್ ನಿಲ್ಲುವುದಿಲ್ಲ. ಕರೆಂಟ್ ಹೋಗುವ ದಾರಿಯೇ ಬೇರೆ. ವೈರ್ ಬಿಚ್ಚಿದಾಗ ನಿಂತಿತು ಅಂದರೆ ಕರೆಂಟ್ ಇಳಿಯುತ್ತಿದ್ದುದು ಲೋಹದ ಮೂಲಕವೇ. ಹೊಸ ಲೈನಿಂಗ್ ಆಗಿದ್ದರೆ ಒಳಗಿನ ತೇವ ಅನ್ನಬಹುದಿತ್ತು. ನೂರನಲವತ್ತು ಹೀಟ್ ಕಂಡ ಲೈನಿಂಗ್‌ನಲ್ಲಿ ತೇವ ಎಲ್ಲಿಂದ ಬರಬೇಕು? ಅಂದರೆ ವಾರದಿಂದ ದೀಪ ನಿಜವನ್ನೇ ಹೇಳುತ್ತಿತ್ತು. ಅಣ್ಣ ಮುಚ್ಚಿಟ್ಟಿದ್ದ ತಪ್ಪೇ ಆ ರಾತ್ರಿ ನಮಗಿದ್ದ ಒಂದೇ ಪುರಾವೆ. ಬೈಗುಳಕ್ಕೆ ಹೆದರಿ ಅವರು ಸುಮ್ಮನಿದ್ದಿದ್ದರೆ ನಾವು ಇನ್ನೂ ಬಸ್‌ಬಾರ್ ಒರೆಸುತ್ತಾ ಕೂತಿರುತ್ತಿದ್ದೆವು.

ಇನ್ನೊಂದು ವಿಷಯ ಕೇಳಿ ನನ್ನ ಕೈ ತಣ್ಣಗಾಯಿತು. ವೈರ್ ಬಿಚ್ಚಿದರೆ ಲೋಹಕ್ಕೆ ಅರ್ತ್ ಇರುವುದಿಲ್ಲ. ಆಗ ಲೋಹದ ಮೇಲೆ ತೇಲುವ ಕಸ, ಅಂದರೆ ಸ್ಲ್ಯಾಗ್ ತೆಗೆಯಲು ಕಬ್ಬಿಣದ ಸರಳು ಅದ್ದಿದವನಿಗೆ ಶಾಕ್ ಹೊಡೆಯಬಹುದು. ಹಿಂದಿನ ವಾರ ಆ ರಾತ್ರಿ ಚಮಚ ಅದ್ದಿದ್ದು ನಾನೇ.

"ಪವರ್ ಬೇಡ. ಖಾಲಿ ಮಾಡೋಣ," ಅಂದರು ಸರ್. "ಬುಕ್‌ನಲ್ಲಿ ನನ್ನ ಹೆಸರು ಹಾಕ್ತೀನಿ."

ಖಾಲಿ ಮಾಡುವುದು ಅಂದರೆ ಪಿಗ್ ಮೋಲ್ಡ್‌ಗೆ, ಅಂದರೆ ಕಬ್ಬಿಣದ ತೊಟ್ಟಿಗಳಿಗೆ ಸುರಿದು ಗಟ್ಟಿ ಮಾಡುವುದು. ಆದರೆ ಅವು ಶಟರ್ ಪಕ್ಕ ಇದ್ದವು, ಮಳೆ ಎರಚಲು ಹೊಡೆದು ಒದ್ದೆಯಾಗಿದ್ದವು. ಒದ್ದೆ ತೊಟ್ಟಿಗೆ ಲೋಹ ಸುರಿಯುವುದೂ ಒಂದೇ, ಕಾಯಿಲ್ ತೂತಾಗುವುದೂ ಒಂದೇ. ಇಬ್ಬರು ಹುಡುಗರು ತೊಟ್ಟಿಗಳನ್ನು ಒಳಗೆ ಎಳೆದರು, ಲ್ಯಾಡಲ್, ಅಂದರೆ ಲೋಹ ಹೊತ್ತು ಸುರಿಯುವ ಪಾತ್ರೆ ಕಾಯಿಸುವ ಬರ್ನರ್ ತಂದು ಹಿಡಿದರು. ಹಬೆ ಏಳುವುದು ನಿಂತ ಮೇಲೂ ಸರ್ ಬಿಡಲಿಲ್ಲ, ಕೈ ಹತ್ತಿರ ಹಿಡಿಯಲಾಗದಷ್ಟು ಬಿಸಿಯಾಗುವವರೆಗೆ ಕಾಯಿಸಿ ಅಂದರು. ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಫರ್ನೇಸ್‌ಗೆ ಮುಚ್ಚಳ ಹಾಕಿಟ್ಟಿದ್ದರು, ಶಾಖ ಬೇಗ ಇಳಿಯದಿರಲಿ ಅಂತ. ಕಾಯಿಲ್ ನೀರನ್ನು ಮಾತ್ರ ಯಾರೂ ಮುಟ್ಟಬಾರದು ಅಂತ ಎರಡು ಸಲ ಹೇಳಿದರು. ಪವರ್ ಇಲ್ಲದಿದ್ದರೂ ಒಳಗಿನ ಶಾಖ ಕಾಯಿಲ್‌ಗೆ ಬರುತ್ತಲೇ ಇರುತ್ತದೆ.

ನನ್ನನ್ನು ನೀರು ವಾಪಸ್ ಬರುವ ಪೈಪ್‌ಗಳ ಹತ್ತಿರ ನಿಲ್ಲಿಸಿದರು. ಕಾಯಿಲ್‌ಗೆ ಮೂರು ಭಾಗ, ಮೂರು ಪೈಪ್, ಮೂರಕ್ಕೂ ಉಷ್ಣತೆಯ ಮೀಟರ್. ಮೇಲಿನದೂ ಕೆಳಗಿನದೂ ಒಂದೇ ಸಮ ಇದ್ದವು. ನಡುವಿನದು ಸ್ವಲ್ಪ ಜಾಸ್ತಿ ತೋರಿಸುತ್ತಿತ್ತು. ಕೂಗಿ ಹೇಳಿದೆ. ಸರ್ ತಲೆ ಆಡಿಸಿದರು ಅಷ್ಟೇ. "ಏರ್ತಾ ಇದ್ರೆ ಹೇಳು. ಫರ್ನೇಸ್ ಕೆಳಗೆ ಕೆಂಪಗೆ ಏನಾದ್ರೂ ಕಂಡ್ರೆ ಹೇಳಬೇಡ, ಓಡು."

ಆ ಗುಂಡಿಯ ಒಣ ಮರಳು ನನಗೆ ನೆನಪಾಗಿದ್ದು ಆಗ. ಲೈನಿಂಗ್ ಒಡೆದರೆ ಲೋಹ ಬೀಳುವುದೇ ಅಲ್ಲಿಗೆ. ಅಲ್ಲಿ ಒಂದು ಇಂಚು ನೀರು ನಿಂತಿದ್ದರೆ... ನಾವು ಅದಕ್ಕೇ ಅಲ್ವಾ ನಕ್ಕಿದ್ದು.

ಸುರಿದದ್ದು ಅಣ್ಣನೇ. ಸರ್ ಪಕ್ಕದಲ್ಲಿ ನಿಂತರು. ಪ್ಲಾಟ್‌ಫಾರ್ಮ್ ಮೇಲೆ ಇನ್ಯಾರೂ ಬೇಡ ಅಂದಿದ್ದರು, ತಾವು ಮಾತ್ರ ಇಳಿಯಲಿಲ್ಲ. ನಾಲ್ಕು ಲ್ಯಾಡಲ್ ಆಯಿತು. ಮೂರು ಗಂಟೆಯ ಹೊತ್ತಿಗೆ ಫರ್ನೇಸ್ ಖಾಲಿ.

ಎರಡು ದಿನ ತಣ್ಣಗಾಗಲು ಬಿಟ್ಟು ಲೈನಿಂಗ್ ಒಡೆದರು. ನಡುಭಾಗದಲ್ಲಿ, ನಾಣ್ಯದಷ್ಟು ದಪ್ಪದ ಕಬ್ಬಿಣದ ಹಾಳೆ ಬಿರುಕಿನೊಳಗೆ ಹೋಗಿತ್ತು. ಕಾಯಿಲ್‌ಗೆ ಮೆತ್ತಿದ ಸಿಮೆಂಟಿನ ಪದರದವರೆಗೆ ಬಂದು ನಿಂತಿತ್ತು. ಆ ಪದರ ನನ್ನ ಕಿರುಬೆರಳಿನಷ್ಟೂ ದಪ್ಪ ಇರಲಿಲ್ಲ. ಅಣ್ಣ ಆ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಏನೂ ಹೇಳಲಿಲ್ಲ.

ಇದರಿಂದ ಸರ್‌ಗೆ ಹಾರ ಹಾಕಿದರು ಅಂದುಕೊಳ್ಳಬೇಡಿ. ಆ ತುಂಡು ಕಾಣುವ ಮೊದಲೇ, ಬೆಳಿಗ್ಗೆಯೇ, ಅರವತ್ತು ಮೋಲ್ಡ್ ಯಾಕೆ ಸುರಿಯಲಿಲ್ಲ ಅಂತ ಮೆಮೊ ಬಂದಿತ್ತು. ಪಿಗ್ ಮಾಡಿದ ಲೋಹವೇನೂ ದಂಡವಲ್ಲ, ಮತ್ತೆ ಕರಗಿಸಬಹುದು. ಕರೆಂಟ್ ಖರ್ಚು, ಒಂದು ಶಿಫ್ಟ್ ಕೆಲಸ ಹೋಯಿತು. ಮೆಮೊ ವಾಪಸ್ ಪಡೆದರು ಅಂತ ನಾನಂತೂ ಕೇಳಿಲ್ಲ.

ನಮ್ಮಲ್ಲಿ ಜಗಳ ಎದ್ದಿದ್ದು ಲಾಗ್ ಬುಕ್ ವಿಷಯಕ್ಕೆ. ವೈರ್ ಬಿಚ್ಚಿದ್ದನ್ನು ಬರೆಯಬೇಕೇ ಬೇಡವೇ? ಹುಡುಗರು ಬೇಡ ಅಂದರು, ಹಿರಿಯರನ್ನು ಸಿಕ್ಕಿಸಿಹಾಕುವುದು ಸರಿಯಲ್ಲ ಅಂತ. ನಾನೂ ಹಾಗೇ ಅಂದಿದ್ದೆ. ಸರ್ ಒಪ್ಪಲಿಲ್ಲ. ಬೆಳಿಗ್ಗೆ ಐದಕ್ಕೆ ಬುಕ್ ತಂದು ಅಣ್ಣನ ಮುಂದೆ ಇಟ್ಟರು. "ನೀವೇ ಬರೀರಿ. ಯಾವತ್ತು, ಯಾಕೆ, ಎಷ್ಟು ಹೊತ್ತು. ಕೆಳಗೆ ನಾನು ಬರೀತೀನಿ, ಇವರು ಹೇಳಿದ್ರಿಂದಲೇ ಗೊತ್ತಾಯ್ತು ಅಂತ." ಅಣ್ಣ ಬಹಳ ನಿಧಾನವಾಗಿ ಮೂರು ಸಾಲು ಬರೆದರು. ಕೆಳಗೆ ಸರ್ ಒಂದು ಸಾಲು, ಸಹಿ. ಇವತ್ತು ಕೇಳಿದರೆ ನಾನು ಸರ್ ಮಾಡಿದ್ದೇ ಸರಿ ಅನ್ನುತ್ತೇನೆ. ಅವತ್ತು ಮಾತ್ರ ಒಂದು ದಿನ ಅವರ ಹತ್ತಿರ ಮಾತು ಬಿಟ್ಟಿದ್ದೆ. ಅಣ್ಣನಿಗೆ ಮೇಲಿನವರು ವಾರ್ನಿಂಗ್ ಕೊಟ್ಟರು, ಕೆಲಸ ಹೋಗಲಿಲ್ಲ. ವೈರ್ ಇರುವ ಬಾಕ್ಸ್‌ಗೆ ಬೀಗ ಬಂತು.

ಹೊಸ ಲೈನಿಂಗ್ ಹಾಕಿ ಮೂರು ವಾರ ಆಗಿರಬೇಕು. ರಾತ್ರಿ ಎರಡರ ಹೊತ್ತಿಗೆ ಕ್ಯಾಂಟೀನ್‌ನಲ್ಲಿ ನಾನೂ ಸರ್‌ರೂ ಟೀ ಕುಡಿಯುತ್ತಿದ್ದೆವು. ಆನವಟ್ಟಿ ಅಣ್ಣ ಹೆಲ್ಮೆಟ್ ಕೈಯಲ್ಲಿ ಹಿಡಿದು ಬಂದರು. ಟ್ರಿಪ್ ಆಗಿರಲಿಲ್ಲ, ದೀಪವೂ ಹತ್ತಿರಲಿಲ್ಲ.

"ಸಾರ್, ಏನೂ ಇಲ್ಲದೇ ಇರಬಹುದು," ಅಂದರು. "ನೀರಿನ ಪಂಪ್ ಸದ್ದು ನಿನ್ನೆ ಥರ ಇಲ್ಲ ಅನ್ಸ್ತಿದೆ."

ಸರ್ ಟೀ ಅರ್ಧಕ್ಕೆ ಬಿಟ್ಟು ಎದ್ದರು.