ನಮಗೆ ಬಿಡುವಾದಾಗ ಜಿಮ್‌ಗೆ ಬೀಗ

ಇವತ್ತು ಬೆಳಿಗ್ಗೆ 11 ಗಂಟೆಗೆ ನಮ್ಮ ಏರಿಯಾದ ಜಿಮ್ ಶಟರ್ ಮುಂದೆ ಒಬ್ಬ ಹುಡುಗ ಶೂ ಚೀಲ ಹಿಡಿದು ನಿಂತಿದ್ದ. ಮೈಮೇಲೆ ನಮ್ಮದೇ ಫ್ಯಾಕ್ಟರಿ ಯೂನಿಫಾರ್ಮ್. ಸೆಕೆಂಡ್ ಶಿಫ್ಟ್ ಅಂತೆ. ಹೋದ ವಾರ ತಾನೇ ಒಂದು ವರ್ಷದ ದುಡ್ಡು ಕಟ್ಟಿದ್ದಾನೆ. ಹತ್ತಕ್ಕೆ ಮುಚ್ಚಿದರೆ ಮತ್ತೆ ತೆಗೆಯುವುದು ಸಂಜೆ ಐದಕ್ಕೆ ಅಂತ ಅವನಿಗೆ ಯಾರೂ ಹೇಳಿಲ್ಲ. ನನಗೆ ಹೊಟ್ಟೆ ಉರಿಯಿತು.

ನಾನೂ ಹೀಗೇ 12,000 ಕಟ್ಟಿದವನು. ವರ್ಷದಲ್ಲಿ ಹೋಗಿದ್ದು 62 ದಿನ. ದಿನಕ್ಕೆ ಸುಮಾರು 194 ರೂಪಾಯಿ ಬಿತ್ತು. ಸೋಮಾರಿತನ ಅಲ್ಲ. ಫಸ್ಟ್ ಶಿಫ್ಟ್ ಮುಗಿಸಿ ಮನೆಗೆ ಬಂದಾಗ ಮೂರೂಕಾಲು. ನೈಟ್ ಮಾಡಿ ಮಲಗಿ ಏಳುವುದು ಎರಡಕ್ಕೆ. ಸೆಕೆಂಡ್ ಇದ್ದರೆ ಒಂಬತ್ತೂವರೆಯಿಂದ ಹನ್ನೆರಡೂವರೆ ತನಕ ಬಿಡುವು. ಮೂರು ಶಿಫ್ಟಲ್ಲೂ ನಮಗೆ ಬಿಡುವಾಗುವ ಹೊತ್ತಿಗೇ ಬೀಗ. ನೈಟ್ ವಾರ ಮೆಂಬರ್‌ಶಿಪ್ ಫ್ರೀಜ್ ಮಾಡಿ, ಆ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂದರೆ, ಕನಿಷ್ಠ 15 ದಿನ ಒಟ್ಟಿಗೇ ಮಾಡಬೇಕಂತೆ. ನಮ್ಮ ನೈಟ್ ಇರುವುದೇ ಆರು ದಿನ!

ಅದಕ್ಕೇ ಈಗ ಮನೆಯಲ್ಲೇ ಡಂಬೆಲ್ ಹಿಡಿದು ವ್ಯಾಯಾಮ ಮಾಡುತ್ತೇನೆ. ಮನೆಯಲ್ಲಿ ಭಾರ ಸಾಲಲ್ಲ ಅಂತ ಕೆಲವರು ಹೇಳುತ್ತಾರೆ. ಕಾಲಿನ ಮಟ್ಟಿಗೆ ನಿಜ. 80 ಕೆಜಿ ಬಾರ್ ಹೊತ್ತು ಸ್ಕ್ವಾಟ್ ಮಾಡುವುದು ನನ್ನ ರೂಮಲ್ಲಿ ಆಗಲ್ಲ. ಆದರೆ ಹಿಂದಿನ ಕಾಲನ್ನು ಮಂಚದ ಅಂಚಿಗಿಟ್ಟು, ಎರಡೂ ಕೈಯಲ್ಲಿ ಹತ್ತತ್ತು ಕೆಜಿ ಡಂಬೆಲ್ ಹಿಡಿದು, ಮೂರು ಎಣಿಸುತ್ತಾ ಒಂದೇ ಕಾಲಲ್ಲಿ ಕೂತು ಎದ್ದು ನೋಡಿ. ಎಂಟನೇ ಸಲಕ್ಕೆ ತೊಡೆ ನಡುಗುತ್ತದೆ. ಹನ್ನೆರಡು ಸಲ ಸಲೀಸಾದ ದಿನ ಪ್ಲೇಟ್ ಸೇರಿಸುತ್ತೇನೆ, ಮತ್ತೆ ಎಂಟಕ್ಕೆ ಇಳಿಯುತ್ತೇನೆ. ಎಲ್ಲ ನೋಟ್‌ಬುಕ್ಕಲ್ಲಿ ಬರೆಯುತ್ತೇನೆ. ಬರೆಯದಿದ್ದರೆ ತಿಂಗಳುಗಟ್ಟಲೆ ಅದೇ ಹತ್ತು ಕೆಜಿಯಲ್ಲೇ ಇದ್ದುಬಿಡುತ್ತೇವೆ.

ನನಗೆ ಜಾಸ್ತಿ ಸಹಾಯ ಆಗಿದ್ದು ವಾರದ ಲೆಕ್ಕ ಬಿಟ್ಟಿದ್ದು. ಸೋಮವಾರ ಎದೆ, ಮಂಗಳವಾರ ಬೆನ್ನು ಅನ್ನೋ ಜಿಮ್ ಚಾರ್ಟ್ ಶಿಫ್ಟ್ ಬದಲಾದ ದಿನವೇ ಹಳಿ ತಪ್ಪುತ್ತಿತ್ತು. ಈಗ ಎರಡೇ ಪಟ್ಟಿ. ಒಂದರಲ್ಲಿ ಕಾಲು ಮತ್ತು ಪುಶ್‌ಅಪ್, ಇನ್ನೊಂದರಲ್ಲಿ ಮಂಚಕ್ಕೆ ಕೈಯೂರಿ ಡಂಬೆಲ್ ಎಳೆಯುವುದು, ಭುಜ. ಹೋದ ಸಲ ಒಂದನೇದು ಮಾಡಿದ್ದರೆ ಈ ಸಲ ಎರಡನೇದು, ಯಾವ ವಾರವಾದರೂ ಸರಿ. ನಡುವೆ ಒಂದು ದಿನ ಬಿಡುವು. ನಲವತ್ತು ನಿಮಿಷ ಸಾಕು.

ಒಂದು ತಪ್ಪು ಮಾಡಿದ್ದೆ, ನೀವು ಮಾಡಬೇಡಿ. ನೈಟ್ ಮುಗಿಸಿ ಬೆಳಿಗ್ಗೆ ಏಳಕ್ಕೆ ಬಂದವನೇ ಡಂಬೆಲ್ ಹಿಡಿದೆ. ಮೈ ಬಿಸಿಯೇರಿ ಹತ್ತೂವರೆ ತನಕ ನಿದ್ದೆ ಬರಲಿಲ್ಲ. ಆ ರಾತ್ರಿ ಮೆಷಿನ್ ಮುಂದೆ ಕಣ್ಣು ಎಳೆಯುತ್ತಿತ್ತು, ಭಯವಾಯಿತು. ಈಗ ಮೊದಲು ನಿದ್ದೆ. ಐದು ಗಂಟೆಗಿಂತ ಕಮ್ಮಿ ಮಲಗಿದ ದಿನ ಸುಮ್ನೆ ಬಿಟ್ಟುಬಿಡುತ್ತೇನೆ.

ಜಿಮ್‌ನವರೇ, ಶಿಫ್ಟ್ ಕೆಲಸ ಅಂತ ಗೊತ್ತಾದರೆ ಒಂದು ತಿಂಗಳ ದುಡ್ಡು ಮಾತ್ರ ತಗೊಳ್ಳಿ. ಮೂರು ಶಿಫ್ಟೂ ಒಂದು ಸುತ್ತು ತಿರುಗಿದರೆ ಎಷ್ಟು ದಿನ ಬರೋಕಾಗುತ್ತದೆ ಅಂತ ದುಡ್ಡು ಕಟ್ಟಿದವರಿಗೇ ಗೊತ್ತಾಗುತ್ತದೆ, ಅಲ್ವಾ?

ಆ ಹುಡುಗನಿಗೆ ಭಾನುವಾರ ಮನೆಗೆ ಬಾ ಅಂದಿದ್ದೇನೆ. ನನ್ನ ಹಳೇ ಐದು ಕೆಜಿ ಜೋಡಿ ಮಂಚದ ಕೆಳಗೇ ಇದೆ.